ನಡವಳಿ ಪುಸ್ತಕದಲ್ಲಿ ಗೋಪ್ಯ ವಿಷಯ: ನಿರ್ಬಂಧಿತ ಭಾಗವನ್ನು ಬರೆಯುವ ಬಗೆ

ಉಡುಪಿ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿ ಸೇರಿದ ಹೊಸತು. ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬ ಶಾಖಾ ವ್ಯವಸ್ಥಾಪಕರ ಮೇಲೆ ಬಂದ ದೂರಿನ ಬಗ್ಗೆ ಚರ್ಚೆ ನಡೆಯಿತು. ಯಾವುದನ್ನೂ ಬಿಡಬಾರದೆಂಬ ಹುರುಪಿನಲ್ಲಿ ಹೆಸರು, ಶಾಖೆ, ಯಾರು ಏನೆಂದರು ಎಂಬುದನ್ನೆಲ್ಲ ನಡವಳಿ ಪುಸ್ತಕದಲ್ಲಿ ಬರೆದೆ. ಎರಡು ದಿನಗಳ ಬಳಿಕ ಬೇರೊಂದು ಸಾಲದ ನಿರ್ಣಯದ ಪ್ರತಿ ಬೇಕಾಯಿತು. ಗುಮಾಸ್ತರು ಅದೇ ಪುಟವನ್ನು ಜೆರಾಕ್ಸ್ ಅಂಗಡಿಗೆ ಒಯ್ದರು. ಪುಟದ ಕೆಳಭಾಗದಲ್ಲಿ ದೂರಿನ ವಿವರವಿತ್ತು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು. ವಿಚಾರಣೆಯಲ್ಲಿ ಆ ದೂರು ನಿಲ್ಲಲಿಲ್ಲ, ಆದರೆ ಅಷ್ಟರಲ್ಲಿ ಆ ವ್ಯವಸ್ಥಾಪಕರು ರಾಜೀನಾಮೆ ಕೊಟ್ಟು ಹೋಗಿದ್ದರು. ಆ ಪುಟದ ಮೇಲಿರುವುದು ನನ್ನ ಕೈಬರಹ.

ಅಂದಿನಿಂದ ಗೋಪ್ಯ ವಿಷಯಗಳನ್ನು ಬೇರೆ ಪುಸ್ತಕದಲ್ಲಿ ಬರೆಯುವ ಪದ್ಧತಿಯನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟಿಕೊಂಡೆ. ಕರಾವಳಿಯ ಸಹಕಾರ ಸಂಘಗಳಿಗೆ ಚೆನ್ನಾಗಿ ಪರಿಚಯವಿರುವ ಒಂದು ಸಂಕಟವನ್ನೇ ಉದಾಹರಣೆಯಾಗಿ ಹಿಡಿದು ಆ ಪದ್ಧತಿಯನ್ನು ಇಲ್ಲಿ ವಿವರಿಸುತ್ತೇನೆ. ಅದು ಚಿನ್ನಾಭರಣ ಸಾಲದಲ್ಲಿ ನಕಲಿ ಚಿನ್ನ ಅಡವು ಬಿದ್ದಿರುವ ಸಂಶಯ. ಉದಾಹರಣೆಯ ಸಂಘ ಮತ್ತು ಅಂಕಿಗಳು ಕಲ್ಪಿತ. ಬರವಣಿಗೆಯ ಕ್ರಮ ಮಾತ್ರ ನಾನು ಬಳಸಿದ್ದೇ.

ಪ್ರಕರಣ

ಎಂಟು ಶಾಖೆಗಳ ಒಂದು ಸಂಘ. ಹದಿಮೂರು ನಿರ್ದೇಶಕರು. ಜೂನ್ ತಿಂಗಳ ಕೊನೆಯಲ್ಲಿ ಒಂದು ಶಾಖೆಯ ನಗದು ಗುಮಾಸ್ತೆ ಪ್ರಧಾನ ಕಚೇರಿಗೆ ಬಂದು ಸಂಘದ ಕಾರ್ಯದರ್ಶಿಯೂ ಆಗಿರುವ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಒಂದು ವಿಷಯ ತಿಳಿಸುತ್ತಾರೆ. ಎರಡು ಕುಟುಂಬಗಳವರು ಕೆಲವು ತಿಂಗಳುಗಳಿಂದ ಒಂದೇ ನಮೂನೆಯ ದಪ್ಪ ಬಳೆಗಳನ್ನು ಮತ್ತೆ ಮತ್ತೆ ತಂದು ಅಡವಿಡುತ್ತಿದ್ದಾರೆ, ಬಡ್ಡಿ ಕಟ್ಟಲು ಬರುವುದೇ ಇಲ್ಲ, ಸರಾಫರು ಒರೆಗಲ್ಲಿಗೆ ಉಜ್ಜಿದಂತೆ ಮಾಡಿ ಚೀಟಿ ಬರೆದುಕೊಡುತ್ತಾರೆ. ಲೆಕ್ಕ ತೆಗೆದರೆ ಅಂಥ ಸಾಲಗಳು 31, ಒಟ್ಟು ಬಾಕಿ 54 ಲಕ್ಷ ರೂಪಾಯಿ. ಹೊರಮೈಗೆ ದಪ್ಪನೆಯ ಚಿನ್ನದ ಲೇಪ ಕೊಟ್ಟ ಬಳೆ ಒರೆಗಲ್ಲಿನ ಮೇಲೆ ಅಸಲಿಯಂತೆಯೇ ಗೆರೆ ಬಿಡಬಹುದು. ಒಳಗಿರುವುದು ತಾಮ್ರವೋ ಬೆಳ್ಳಿಯೋ ಎಂದು ತಿಳಿಯಲು ಕತ್ತರಿಸಿ ನೋಡಬೇಕು, ಇಲ್ಲವೇ ತೂಕ ಮತ್ತು ಗಾತ್ರವನ್ನು ತಾಳೆ ಹಾಕಬೇಕು. ಹಾಗಾಗಿ ಸರಾಫರು ಮೋಸ ಮಾಡಿದರೋ, ತಾವೇ ಮೋಸಹೋದರೋ ಈಗಲೇ ಹೇಳುವಂತಿಲ್ಲ.

ಇಂಥ ವಿಷಯ ತೆರೆದ ನಡವಳಿಗೆ ಹೋದರೆ ಮೂರು ಕಡೆ ಪೆಟ್ಟು ಬೀಳುತ್ತದೆ. ಸರಾಫರು ನಿರಪರಾಧಿಯಾಗಿದ್ದರೆ ಅವರ ಅಂಗಡಿಯ ವ್ಯಾಪಾರ ಅಂದೇ ಮುಗಿಯಿತು. ಅಪರಾಧಿಯಾಗಿದ್ದರೆ ಮರುಪರೀಕ್ಷೆಗೆ ಮುಂಚೆಯೇ ಒಡವೆಗಳನ್ನು ಬಿಡಿಸಿಕೊಂಡು ಹೋಗಿ ಪುರಾವೆ ಇಲ್ಲದಂತೆ ಮಾಡಬಹುದು. ಮೂರನೆಯದು ಠೇವಣಿದಾರರದು. 54 ಲಕ್ಷ ಎಂಬ ಅಂಕಿ ಮೀನು ಮಾರುಕಟ್ಟೆಯನ್ನು ದಾಟುವ ಹೊತ್ತಿಗೆ ಐದು ಕೋಟಿಯಾಗಿರುತ್ತದೆ, ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಪಾಸ್‌ಪುಸ್ತಕ ಹಿಡಿದವರ ಸಾಲು ನಿಂತಿರುತ್ತದೆ.

ಯಾವುದು ಒಳಗೆ, ಯಾವುದು ಹೊರಗೆ

ನಿರ್ಬಂಧಿತ ಭಾಗಕ್ಕೆ ಏನನ್ನು ಸೇರಿಸಬೇಕೆಂದು ತೀರ್ಮಾನಿಸುವಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಇಂದು ಹೊರಬಿದ್ದರೆ ಯಾರಿಗೆ, ಯಾವ ಹಾನಿ? ಉತ್ತರದಲ್ಲಿ ಒಬ್ಬ ವ್ಯಕ್ತಿಯ ಹೆಸರೋ ನಡೆಯಬೇಕಾದ ಒಂದು ತನಿಖೆಯೋ ಸಿಗಬೇಕು. "ಮಂಡಳಿಗೆ ಮುಜುಗರ" ಎಂಬುದಷ್ಟೇ ಉತ್ತರವಾದರೆ ಅದು ತೆರೆದ ನಡವಳಿಗೇ ಹೋಗಬೇಕು. ನಿರ್ದೇಶಕರು ತಾವೇ ಪಡೆಯುವ ಸಾಲ, ಭತ್ಯೆ ಏರಿಕೆ, ಕಟ್ಟಡದ ಗುತ್ತಿಗೆ ಯಾರಿಗೆ ಎಷ್ಟಕ್ಕೆ ಹೋಯಿತು ಎಂಬಂಥವುಗಳನ್ನು ಗೋಪ್ಯ ಪುಸ್ತಕಕ್ಕೆ ಸೇರಿಸಲು ಯಾರಾದರೂ ಸೂಚಿಸಿದರೆ ಕಾರ್ಯದರ್ಶಿ ಅಲ್ಲಿಯೇ ತಡೆಯಬೇಕು. ಅವು ಸದಸ್ಯರು ತಿಳಿಯಲೇಬೇಕಾದ ಸಂಗತಿಗಳು.

ಇನ್ನೊಂದು ಬಗೆಯ ವಿಷಯ ಈ ಪುಸ್ತಕಕ್ಕೂ ಬರಬಾರದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ 16ನೇ ಪ್ರಕರಣವು ದೂರಿನ ವಿವರ, ದೂರುದಾರರು, ಪ್ರತಿವಾದಿ ಮತ್ತು ಸಾಕ್ಷಿಗಳ ಗುರುತು, ವಿಚಾರಣೆಯ ನಡಾವಳಿ ಇವೆಲ್ಲವನ್ನೂ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಆ ಕಾಗದಗಳು ಆಂತರಿಕ ಸಮಿತಿಯ ಬಳಿಯೇ ಇರಬೇಕು. ಮಂಡಳಿಯ ಮುಂದೆ ಬರಬೇಕಾದದ್ದು ಸಮಿತಿಯ ಶಿಫಾರಸು ಮತ್ತು ಅದರ ಮೇಲಿನ ಕ್ರಮ. ಹದಿಮೂರು ಜನರ ಮಂಡಳಿಯ ಮುಂದೆ ದೂರಿನ ಪ್ರತಿಯನ್ನೇ ಓದಿದರೆ ಪುಸ್ತಕಕ್ಕೆ ಎಷ್ಟು ಬೀಗ ಹಾಕಿದರೂ ಪ್ರಯೋಜನವಿಲ್ಲ.

ನಮ್ಮ ಪ್ರಕರಣದಲ್ಲಿ ಒಳಗೆ ಹೋಗಬೇಕಾದವು ನಾಲ್ಕು: ಸರಾಫರ ಮತ್ತು ಸಾಲಗಾರರ ಹೆಸರು, ಶಾಖೆಯ ಹೆಸರು, ಸುಳಿವು ಕೊಟ್ಟ ಗುಮಾಸ್ತೆಯ ವಿಚಾರ, ಮರುಪರೀಕ್ಷೆಯ ದಿನ. ಶಾಖೆಯ ಹೆಸರನ್ನು ಸೇರಿಸಿದ್ದಕ್ಕೆ ಕಾರಣವಿದೆ. "ಒಬ್ಬ ಸರಾಫರು" ಎಂದಷ್ಟೇ ಬರೆದು ಹೆಸರು ಬಿಟ್ಟರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಆದರೆ ಒಂದು ಶಾಖೆಗೆ ಇರುವುದು ಸಾಮಾನ್ಯವಾಗಿ ಒಬ್ಬರೇ ಸರಾಫರು. ಶಾಖೆಯನ್ನು ಹೇಳಿದರೆ ಅವರ ಅಂಗಡಿಯ ನಾಮಫಲಕವನ್ನೇ ತೋರಿಸಿದಂತೆ. ಚಿಕ್ಕ ಊರುಗಳಲ್ಲಿ ಹುದ್ದೆಯೇ ಹೆಸರು.

ಕಾರ್ಯಸೂಚಿ

ಗೋಪ್ಯ ವಿಷಯವನ್ನು "ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು" ಎಂಬುದರ ಅಡಿಯಲ್ಲಿ ತುರುಕುವ ಅಭ್ಯಾಸ ನಮ್ಮ ಕಡೆ ವ್ಯಾಪಕವಾಗಿದೆ. ಇದು ದೊಡ್ಡ ತಪ್ಪು. ಅಂದು ಸಭೆಗೆ ಬಾರದ ನಿರ್ದೇಶಕರಿಗೆ ಇಂಥದ್ದೊಂದು ವಿಷಯ ಬರುತ್ತದೆಂಬ ಸೂಚನೆಯೇ ಇರುವುದಿಲ್ಲ. ಮುಂದೆ ಕ್ರಮ ಎದುರಿಸಿದವರು "ಸೂಚನೆಯಲ್ಲಿಲ್ಲದ ವಿಷಯದ ಮೇಲೆ ನಿರ್ಣಯ ಮಾಡಿದ್ದಾರೆ" ಎಂದು ತಕರಾರು ಎತ್ತಿದರೆ ಉತ್ತರ ಕೊಡುವುದು ಕಷ್ಟ. ಕಾರ್ಯಸೂಚಿಯಲ್ಲಿ ಅದಕ್ಕೆ ಸ್ವಂತ ಸಂಖ್ಯೆ ಇರಬೇಕು, ಮಾತು ಸಾಮಾನ್ಯವಾಗಿರಬೇಕು, ಸುಳ್ಳಾಗಿರಬಾರದು. ಉದಾಹರಣೆಗೆ:

"ವಿಷಯ 9: ಸಾಲದ ಭದ್ರತೆಗೆ ಸಂಬಂಧಿಸಿದ ಒಂದು ಗೋಪ್ಯ ವಿಷಯ. ನಿರ್ಬಂಧಿತ ಅಧಿವೇಶನದಲ್ಲಿ ಪರಿಶೀಲಿಸುವುದು. ಟಿಪ್ಪಣಿಯನ್ನು ಸಭೆಯಲ್ಲಿಯೇ ನೀಡಲಾಗುವುದು."

ಇದನ್ನು ಕೊನೆಯ ವಿಷಯವಾಗಿ ಇಡಿ. ನಡುವೆ ಇಟ್ಟರೆ ಚಹಾ ತರುವವರಿಂದ ಹಿಡಿದು ಲೆಕ್ಕಿಗರವರೆಗೆ ಎಲ್ಲರನ್ನೂ ಎಬ್ಬಿಸಿ ಮತ್ತೆ ಕರೆಯಬೇಕಾಗುತ್ತದೆ, ಅದೇ ಒಂದು ಸುದ್ದಿಯಾಗುತ್ತದೆ. ಟಿಪ್ಪಣಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಹಾಜರಿರುವ ನಿರ್ದೇಶಕರಷ್ಟೇ ಪ್ರತಿಗಳನ್ನು ಮಾಡಿ, ಪ್ರತಿಯೊಂದರ ಮೂಲೆಯಲ್ಲಿ 1, 2, 3 ಎಂದು ಕೈಯಿಂದ ಬರೆದು ಹಂಚಿ, ಸಭೆ ಮುಗಿದ ಕೂಡಲೇ ಎಣಿಸಿ ಹಿಂಪಡೆಯಿರಿ. ಒಂಬತ್ತು ಹಂಚಿದ್ದು ಎಂಟು ಬಂದರೆ ಯಾರೂ ಎದ್ದು ಹೋಗುವ ಮೊದಲೇ ಒಂಬತ್ತನೆಯದನ್ನು ಕೇಳುವುದು ಸುಲಭ. ಮನೆಗೆ ಹೋದ ಮೇಲೆ ಫೋನ್ ಮಾಡಿ ಕೇಳಿದರೆ ಹಿರಿಯರೊಬ್ಬರನ್ನು ಶಂಕಿಸಿದಂತಾಗುತ್ತದೆ.

ಸಭೆಯಲ್ಲಿ

ಎಂಟನೆಯ ವಿಷಯ ಮುಗಿದ ಮೇಲೆ ಅಧ್ಯಕ್ಷರು ನಿರ್ಬಂಧಿತ ಅಧಿವೇಶನಕ್ಕೆ ಹೋಗುವ ಪ್ರಸ್ತಾಪವನ್ನು ಬಾಯಿಬಿಟ್ಟು ಮಂಡಿಸಬೇಕು. ಸೂಚಕರು ಮತ್ತು ಅನುಮೋದಕರ ಹೆಸರು, ಗಂಟೆ, ಕೋಣೆಯಲ್ಲಿ ಉಳಿದವರು, ಹೊರಹೋದವರು, ಇಷ್ಟನ್ನು ಮುಖ್ಯ ನಡವಳಿಯಲ್ಲಿ ಬರೆಯಬೇಕು. ಈ ಭಾಗ ಗೋಪ್ಯವಲ್ಲ.

ಹಿತಾಸಕ್ತಿಯ ಪ್ರಶ್ನೆ ಬರುವುದೂ ಇಲ್ಲಿಯೇ. ನಮ್ಮ ಉದಾಹರಣೆಯಲ್ಲಿ ಅಂದು ಹಾಜರಿದ್ದವರು ಹತ್ತು ಮಂದಿ. ಅವರಲ್ಲಿ ಒಬ್ಬರು ಆ ಸರಾಫರ ಭಾವ. ಟಿಪ್ಪಣಿ ಹಂಚಿದ ಮೇಲೆ ಅವರನ್ನು ಹೊರಗೆ ಕಳುಹಿಸಿದರೆ ಕಾಗದ ಕೊಟ್ಟು ಕಿತ್ತುಕೊಂಡಂತಾಗುತ್ತದೆ. ಸಭೆಗೆ ಮುಂಚೆ ಅಧ್ಯಕ್ಷರು ಅವರನ್ನು ಪಕ್ಕಕ್ಕೆ ಕರೆದು, "ಒಂಬತ್ತನೆಯ ವಿಷಯದಲ್ಲಿ ನೀವು ಕುಳಿತುಕೊಳ್ಳುವುದು ಸರಿಯಾಗದು, ಕಾರಣ ಈಗ ಕೇಳಬೇಡಿ" ಎಂದು ಹೇಳಬೇಕು. ಅಷ್ಟು ಹೇಳಿದರೂ ಸಂಬಂಧ ಊಹೆಗೆ ಸಿಕ್ಕಬಹುದು. ಅದಕ್ಕಾಗಿಯೇ ಮರುಪರೀಕ್ಷೆಯನ್ನು ಮರುದಿನ ಬೆಳಿಗ್ಗೆಯೇ ಇಟ್ಟುಕೊಳ್ಳುವುದು ಲೇಸು. ಸಭೆಗೂ ಕ್ರಮಕ್ಕೂ ನಡುವೆ ದಿನಗಳು ಹೆಚ್ಚಿದಷ್ಟೂ ಗುಟ್ಟು ಉಳಿಯುವ ಸಾಧ್ಯತೆ ಕಡಿಮೆ. ಭಾವ ಹೊರಹೋದ ಮೇಲೆ ಉಳಿದವರು ಒಂಬತ್ತು. ಸಂಘದ ಉಪನಿಯಮ ಹೇಳುವ ಕೋರಂ ಇನ್ನೂ ಇದೆಯೇ ಎಂದು ಮತ್ತೊಮ್ಮೆ ಎಣಿಸಿ ಬರೆಯಿರಿ. ಸಭೆಯ ಆರಂಭದಲ್ಲಿ ಕೋರಂ ಇತ್ತೆಂಬುದಷ್ಟೇ ಈ ನಿರ್ಣಯಕ್ಕೆ ಸಾಲದು.

ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಮೇಲೆಯೇ ವಿಷಯವಿದ್ದರೆ ಅವರೂ ಹೊರಗಿರಬೇಕು. ಆಗ ನಡವಳಿ ಬರೆಯುವ ಕೆಲಸವನ್ನು ಒಬ್ಬ ನಿರ್ದೇಶಕರಿಗೆ ವಹಿಸಿ, ಹಾಗೆ ವಹಿಸಿದ್ದನ್ನು ಮುಖ್ಯ ಪುಸ್ತಕದಲ್ಲಿ ದಾಖಲಿಸಬೇಕು.

ಎರಡು ಬರಹಗಳು

ಈ ಕೆಲಸದ ಹೂರಣ ಇರುವುದು ಇಲ್ಲಿ. ಒಂದೇ ನಿರ್ಣಯಕ್ಕೆ ಎರಡು ಪುಸ್ತಕಗಳಲ್ಲಿ ಎರಡು ಬರಹಗಳಿರುತ್ತವೆ, ಮತ್ತು ಒಂದು ಇನ್ನೊಂದನ್ನು ಬೆರಳಿಟ್ಟು ತೋರಿಸಬೇಕು. ಗೋಪ್ಯ ಪುಸ್ತಕದಲ್ಲಿ ಏನಿದೆ ಎಂಬುದು ಮುಚ್ಚಿದ್ದರೂ, ಗೋಪ್ಯ ನಿರ್ಣಯವೊಂದು ಆಗಿದೆ ಎಂಬುದು ತೆರೆದಿರಬೇಕು. ಈ ಕೊಂಡಿ ಇಲ್ಲದಿದ್ದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ಒಂದು ಹಾಳೆ ಬರೆದು ಸೇರಿಸಬಹುದು ಅಥವಾ ಇದ್ದದ್ದನ್ನು ತೆಗೆದು ಎಸೆಯಬಹುದು. ತೆಗೆದದ್ದು ಗೊತ್ತೂ ಆಗುವುದಿಲ್ಲ.

ಮುಖ್ಯ ನಡವಳಿಯಲ್ಲಿ ನಾನು ಬರೆಯುವುದು ಹೀಗೆ:

"ನಿರ್ಣಯ 9: ಸಾಲದ ಭದ್ರತೆಗೆ ಸಂಬಂಧಿಸಿದ ಗೋಪ್ಯ ವಿಷಯವನ್ನು ಸಂಜೆ 5.20ರಿಂದ 6.05ರವರೆಗೆ ನಿರ್ಬಂಧಿತ ಅಧಿವೇಶನದಲ್ಲಿ ಪರಿಶೀಲಿಸಲಾಯಿತು. ಒಬ್ಬ ನಿರ್ದೇಶಕರು ಹಿತಾಸಕ್ತಿಯ ಕಾರಣ ಭಾಗವಹಿಸಲಿಲ್ಲ. ಹಾಜರಿದ್ದವರು 9, ಕೋರಂ ಇತ್ತು. 9(ಅ)ರಿಂದ 9(ಈ)ವರೆಗಿನ ನಾಲ್ಕು ನಿರ್ಣಯಗಳನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ವಿವರವನ್ನು ನಿರ್ಬಂಧಿತ ನಡವಳಿ ಪುಸ್ತಕದ 14 ಮತ್ತು 15ನೇ ಪುಟಗಳಲ್ಲಿ ದಾಖಲಿಸಿದೆ. ಗೋಪ್ಯತೆಯನ್ನು ಅಕ್ಟೋಬರ್ ಸಭೆಯಲ್ಲಿ ಮರುಪರಿಶೀಲಿಸುವುದು."

ನಿರ್ಣಯಗಳು ಎಷ್ಟು, ಪುಟ ಯಾವುದು, ಮರುಪರಿಶೀಲನೆ ಯಾವಾಗ ಎಂಬ ಮೂರೂ ಇದರಲ್ಲಿವೆ. ಹಿತಾಸಕ್ತಿಯ ಕಾರಣ ಹೊರಗಿದ್ದ ನಿರ್ದೇಶಕರ ಹೆಸರನ್ನು ಇಲ್ಲಿ ಬರೆದಿಲ್ಲ, ಒಳಪುಸ್ತಕದಲ್ಲಿ ಬರೆಯಬೇಕು. ಅವರ ಹೆಸರು ಕಂಡರೆ ಸಂಬಂಧಿಯ ಹೆಸರು ಹುಡುಕುವುದು ಊರವರಿಗೆ ಅರ್ಧ ಗಂಟೆಯ ಕೆಲಸ.

ನಿರ್ಬಂಧಿತ ಪುಸ್ತಕದ ಬರಹ ಹೀಗಿರುತ್ತದೆ: ಮೊದಲ ಸಾಲಿನಲ್ಲಿ ಮುಖ್ಯ ಸಭೆಯ ಸಂಖ್ಯೆ, ದಿನಾಂಕ, ಮುಖ್ಯ ಪುಸ್ತಕದ ಪುಟ. ನಂತರ ಹಾಜರಿದ್ದವರ ಹೆಸರು. ಆಮೇಲೆ ತಿಳಿದುಬಂದ ಸಂಗತಿ, ಅದೂ ಅಳೆದು ತೂಗಿದ ಮಾತಿನಲ್ಲಿ: "ಸದರಿ ಶಾಖೆಯ 31 ಚಿನ್ನಾಭರಣ ಸಾಲಗಳ ಒಡವೆಗಳ ಶುದ್ಧತೆಯ ಬಗ್ಗೆ ಸಂಶಯ ವ್ಯಕ್ತವಾಗಿದೆ. ಬಾಕಿ ಒಟ್ಟು 54 ಲಕ್ಷ ರೂಪಾಯಿ. ಈವರೆಗೆ ಮರುಪರೀಕ್ಷೆ ನಡೆದಿಲ್ಲ." ಕಳ್ಳತನ, ಶಾಮೀಲು, ದ್ರೋಹ ಎಂಬ ಪದಗಳು ಚರ್ಚೆಯಲ್ಲಿ ಎಷ್ಟು ಸಲ ಬಂದರೂ ಪುಸ್ತಕಕ್ಕೆ ಬರಬಾರದು. ಗೋಪ್ಯ ಪುಸ್ತಕದಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯಬಹುದೆಂಬ ಧೈರ್ಯ ಅಪಾಯಕಾರಿ. ಅದು ಒಂದು ದಿನ ನ್ಯಾಯಾಲಯದ ಮೇಜಿನ ಮೇಲೆ ತೆರೆದುಕೊಳ್ಳಬಹುದು, ಆ ದಿನ ಪ್ರತಿಯೊಂದು ಪದಕ್ಕೂ ಸಹಿ ಮಾಡಿದವರು ಹೊಣೆ. ಯಾರು ಏನೆಂದರು ಎಂಬುದನ್ನೂ ಬರೆಯುವುದಿಲ್ಲ. ಭಿನ್ನಮತವಿದ್ದು, ಅದನ್ನು ದಾಖಲಿಸಬೇಕೆಂದು ಆ ನಿರ್ದೇಶಕರೇ ಕೇಳಿದರೆ ಮಾತ್ರ ಅವರ ಹೆಸರಿನಲ್ಲಿ ಬರೆಯಬೇಕು.

ಸುಳಿವು ಕೊಟ್ಟ ಗುಮಾಸ್ತೆಯ ಹೆಸರು ಒಳಪುಸ್ತಕದಲ್ಲಿಯೂ ಬೇಡ. "ಕಚೇರಿಗೆ ಬಂದ ಮಾಹಿತಿಯ ಮೇರೆಗೆ" ಎಂದರೆ ಸಾಕು. ಆಕೆ ಕೊಟ್ಟ ಹೇಳಿಕೆ ಲಿಖಿತದಲ್ಲಿದ್ದರೆ ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ಲಕೋಟೆಯ ಸಂಖ್ಯೆಯನ್ನಷ್ಟೇ ನಮೂದಿಸಿ. ಒಂಬತ್ತು ನಿರ್ದೇಶಕರಿಗೆ ಗೊತ್ತಾಗಬೇಕಾದದ್ದು ಸಂಗತಿ. ಸಂಗತಿ ಎಲ್ಲಿಂದ ಬಂತೆಂಬುದು ಅಧ್ಯಕ್ಷರಿಗೆ ಮತ್ತು ಕಾರ್ಯದರ್ಶಿಗೆ ತಿಳಿದಿದ್ದರೆ ಸಾಕು.

ಇನ್ನು ನಿರ್ಣಯಗಳು. ಇವನ್ನು ಒಂದೇ ಪ್ಯಾರಾದಲ್ಲಿ ಕಟ್ಟಬಾರದು. 9(ಅ): ಎಂಟೂ ಶಾಖೆಗಳ ಚಿನ್ನಾಭರಣಗಳ ಅನಿರೀಕ್ಷಿತ ಮರುಪರೀಕ್ಷೆ, ಹೊರಗಿನ ಇಬ್ಬರು ಸರಾಫರಿಂದ, ಸಂಶಯದ ಶಾಖೆಯಿಂದ ಆರಂಭ, ನಾಳೆ ಬೆಳಿಗ್ಗೆ. 9(ಆ): ವರದಿ ಬರುವವರೆಗೆ ಸದರಿ ಸರಾಫರಿಂದ ಹೊಸ ಮೌಲ್ಯಮಾಪನ ಪಡೆಯದಿರುವುದು ಮತ್ತು ಆ 31 ಸಾಲಗಳ ಒಡವೆಗಳನ್ನು ಬಿಡಿಸಿಕೊಳ್ಳಲು ಬಂದವರಿಗೆ ಮರುಪರೀಕ್ಷೆ ಮುಗಿದ ಬಳಿಕವೇ ಮರಳಿಸುವುದು. 9(ಇ): ನಕಲಿ ಎಂದು ಖಚಿತವಾದರೆ ಪೊಲೀಸ್ ದೂರು ನೀಡಲು ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಅಧಿಕಾರ. 9(ಈ): ಸಂಘದ ವಕೀಲರ ಅಭಿಪ್ರಾಯ ಪಡೆಯುವುದು.

ಹೀಗೆ ಬಿಡಿಸಿ ಬರೆಯುವುದರ ಬೆಲೆ ತಿಂಗಳ ಬಳಿಕ ತಿಳಿಯುತ್ತದೆ. ಠಾಣೆಗೆ ದೂರು ಕೊಡಲು ಹೋದಾಗ ಮಂಡಳಿಯ ನಿರ್ಣಯದ ಪ್ರತಿ ಕೇಳುತ್ತಾರೆ. 9(ಇ) ಒಂದನ್ನೇ ಬರೆದು, "ನಿರ್ಬಂಧಿತ ನಡವಳಿಯಿಂದ ಆಯ್ದ ದೃಢೀಕೃತ ಪ್ರತಿ" ಎಂದು ಸಹಿ ಮಾಡಿ ಕೊಟ್ಟರೆ ಕೆಲಸ ಮುಗಿಯಿತು. ನಾಲ್ಕನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದರೆ ಇಡೀ ಪುಟ ಠಾಣೆಗೆ ಹೋಗುತ್ತದೆ. ಆರೋಪಪಟ್ಟಿಯ ಜೊತೆಗಿನ ದಾಖಲೆಗಳ ಪ್ರತಿ ಆರೋಪಿಗೂ ಸಿಗುತ್ತದೆ. ವಕೀಲರಲ್ಲಿ ನಾವು ಏನು ಕೇಳಲು ಹೊರಟಿದ್ದೆವು ಎಂಬುದನ್ನು ಎದುರಾಳಿಯ ವಕೀಲರು ಓದುವಂತಾಗುತ್ತದೆ.

9(ಆ)ದ ಮಾತನ್ನೂ ಗಮನಿಸಿ. ಸರಾಫರು ನಮ್ಮ ಸಂಘಗಳಲ್ಲಿ ಬಹುಮಟ್ಟಿಗೆ ಸಂಬಳದ ನೌಕರರಲ್ಲ, ಕಮಿಷನ್ ಪಡೆದು ಕೆಲಸ ಮಾಡುವವರು. ಅವರನ್ನು "ಅಮಾನತು ಮಾಡಲಾಯಿತು" ಎಂದು ಬರೆದರೆ ಇಲ್ಲದ ನೌಕರಿ ಇದ್ದಂತಾಗುತ್ತದೆ. ಕೈಗೊಂಡ ಕ್ರಮ ಏನೋ ಅದನ್ನೇ ಬರೆಯಬೇಕು.

ಪುಸ್ತಕ, ಶಾಯಿ, ಬೀಗ

ಬಿಡಿಹಾಳೆಗಳನ್ನು ಫೈಲಿಗೆ ಸೇರಿಸುವ ಕ್ರಮ ಬೇಡ. ಹೊಲಿದು ಕಟ್ಟಿದ, ಪುಟಸಂಖ್ಯೆ ಅಚ್ಚಾದ ಪುಸ್ತಕ ತನ್ನಿ. ಮೊದಲ ಪುಟದಲ್ಲಿ "ಈ ಪುಸ್ತಕದಲ್ಲಿ 1ರಿಂದ 100ರವರೆಗೆ ಪುಟಗಳಿವೆ" ಎಂದು ಬರೆದು ಅಧ್ಯಕ್ಷರು ಸಹಿ ಮಾಡಲಿ. ಕಂಪ್ಯೂಟರಿನಲ್ಲಿ ಟೈಪು ಮಾಡುವುದಕ್ಕಿಂತ ಕೈಬರಹವೇ ಕ್ಷೇಮ, ಏಕೆಂದರೆ ಕಚೇರಿಯ ಕಂಪ್ಯೂಟರು ತಾನಾಗಿ ಉಳಿಸಿಕೊಳ್ಳುವ ಕರಡುಗಳ ಲೆಕ್ಕ ನಮಗಿರುವುದಿಲ್ಲ. ಬರೆದದ್ದನ್ನು ಅದೇ ಅಧಿವೇಶನದಲ್ಲಿ ಓದಿ ಹೇಳಿ, ತಿದ್ದುಪಡಿ ಇದ್ದರೆ ಗೆರೆ ಎಳೆದು ಬದಿಯಲ್ಲಿ ಚಿಕ್ಕಸಹಿ ಮಾಡಿ, ಅಧ್ಯಕ್ಷರ ಸಹಿಯನ್ನು ಅಲ್ಲಿಯೇ ಪಡೆಯಬೇಕು. ಉಳಿದ ಖಾಲಿ ಜಾಗಕ್ಕೆ ಓರೆ ಗೆರೆ ಎಳೆಯಿರಿ.

ಮುಂದಿನ ಸಭೆಯಲ್ಲಿ ಹಿಂದಿನ ನಡವಳಿಯನ್ನು ದೃಢೀಕರಿಸುವಾಗ ಬಹಳ ಜನ ಎಡವುತ್ತಾರೆ. ಮುಖ್ಯ ನಡವಳಿಯ ಜೊತೆಗೆ ನಿರ್ಬಂಧಿತ ಭಾಗವನ್ನೂ ಎಲ್ಲರ ಮುಂದೆ ಓದಿಬಿಡುತ್ತಾರೆ. ಆ ಹೊತ್ತಿಗೆ ಭಾವನೂ ಕುಳಿತಿರುತ್ತಾರೆ, ಲೆಕ್ಕಿಗರೂ ಇರುತ್ತಾರೆ. ದೃಢೀಕರಣಕ್ಕೂ ಸಭೆಯ ಕೊನೆಯಲ್ಲಿ ಐದು ನಿಮಿಷದ ನಿರ್ಬಂಧಿತ ಅಧಿವೇಶನವೇ ಬೇಕು, ಹೊರಗಿರಬೇಕಾದವರು ಆಗಲೂ ಹೊರಗಿರಬೇಕು. ಮುಖ್ಯ ಪುಸ್ತಕದಲ್ಲಿ ಒಂದೇ ಸಾಲು: "ನಿರ್ಬಂಧಿತ ಪುಸ್ತಕದ 14 ಮತ್ತು 15ನೇ ಪುಟಗಳನ್ನು ದೃಢೀಕರಿಸಲಾಯಿತು."

ಪುಸ್ತಕವನ್ನು ಇಡಲು ಭದ್ರತಾ ಕೊಠಡಿಗಿಂತ ಒಳ್ಳೆಯ ಜಾಗವಿಲ್ಲ. ಅಡವಿನ ಒಡವೆಗಳಂತೆಯೇ ಇದಕ್ಕೂ ಎರಡು ಕೀಲಿ, ಇಬ್ಬರ ಕೈಯಲ್ಲಿ. ಪುಸ್ತಕದ ಕೊನೆಯ ಕೆಲವು ಪುಟಗಳನ್ನು ತೆರೆದವರ ದಾಖಲೆಗಾಗಿ ಬಿಟ್ಟುಕೊಳ್ಳಿ: ದಿನಾಂಕ, ತೆರೆದವರು, ಕಾರಣ, ಮರಳಿ ಇಟ್ಟ ಗಂಟೆ. ಕಾರಣದ ಅಂಕಣದಲ್ಲಿ "ಪರಿಶೀಲನೆ" ಎಂದು ಮಾತ್ರ ಬರೆಯಲು ಬಿಡಬಾರದು, ಯಾವ ನಿರ್ಣಯಕ್ಕಾಗಿ ಎಂದು ಬರೆಯಿಸಿ.

ನಮ್ಮ ಮಳೆಗಾಲದ ಬಗ್ಗೆ ಒಂದು ಮಾತು. ಆಷಾಢದ ತೇವಕ್ಕೆ ಅಂಟು ಹಚ್ಚಿದ ಲಕೋಟೆಯ ಬಾಯಿ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಒಂದು ಜುಲೈಯಲ್ಲಿ ಹಾಗೆ ಬಿಚ್ಚಿಕೊಂಡ ಲಕೋಟೆಯಿಂದಾಗಿ, ಯಾರೋ ತೆರೆದು ಓದಿದ್ದಾರೆಂದು ಒಬ್ಬ ಪ್ರಾಮಾಣಿಕ ಗುಮಾಸ್ತರನ್ನು ನಾವು ವಿನಾಕಾರಣ ಪ್ರಶ್ನಿಸಿದೆವು. ಅಂದಿನಿಂದ ಬಟ್ಟೆಯ ಒಳಪದರವಿರುವ ಲಕೋಟೆ, ಅರಗಿನ ಮುದ್ರೆ, ಮುದ್ರೆಯ ಮೇಲೆ ಅಡ್ಡಲಾಗಿ ಇಬ್ಬರ ಸಹಿ ಎಂಬ ಕ್ರಮ ಮಾಡಿದೆ. ಇಂಕ್‌ಜೆಟ್ ಮುದ್ರಣವೂ ನೀರು ತಾಗಿದರೆ ಕದಡುತ್ತದೆ, ಬಾಲ್‌ಪೆನ್ ಬರಹ ಉಳಿಯುತ್ತದೆ.

ಪಕ್ಕದ ದಾಖಲೆಗಳು

ಪುಸ್ತಕಕ್ಕೆ ಬೀಗ ಹಾಕಿದರೂ ಗುಟ್ಟು ಸೋರುವುದು ಬೇರೆ ಕಡೆಯಿಂದ. ಹೊರಗಿನ ಸರಾಫರ ಪ್ರಯಾಣ ಬಿಲ್ಲಿನಲ್ಲಿ ಶಾಖೆಯ ಹೆಸರು, ಪಾವತಿ ಚೀಟಿಯಲ್ಲಿ "ನಕಲಿ ಚಿನ್ನದ ತನಿಖೆ ಬಾಬ್ತು", ಅದೇ ಸಭೆಯ ತೆರೆದ ನಡವಳಿಯಲ್ಲಿ ಒಂದು ಶಾಖೆಗೆ ಮಾತ್ರ ಹೊಸ ಸರಾಫರ ನೇಮಕ. ಇವನ್ನು ಜೋಡಿಸಲು ಜಾಣತನವೇನೂ ಬೇಕಿಲ್ಲ. 9(ಅ)ದಲ್ಲಿ ಎಂಟೂ ಶಾಖೆಗಳ ಮರುಪರೀಕ್ಷೆ ಎಂದು ನಿರ್ಣಯಿಸಿದ್ದು ಇದಕ್ಕಾಗಿಯೂ ಹೌದು. ಒಂದು ಶಾಖೆಗೆ ಮಾತ್ರ ಜೀಪು ಹೋದರೆ ಸುದ್ದಿ. ಎಂಟಕ್ಕೂ ಸರದಿಯಲ್ಲಿ ಹೋದರೆ ವಾಡಿಕೆಯ ತಪಾಸಣೆ, ಮತ್ತು ಆ ತಪಾಸಣೆ ಉಳಿದ ಏಳಕ್ಕೂ ನಿಜವಾಗಿ ಬೇಕಾದದ್ದೇ. ಬಿಲ್ಲುಗಳಲ್ಲಿ "ಚಿನ್ನಾಭರಣ ಭದ್ರತೆಯ ತಪಾಸಣೆ, ನಿರ್ಣಯ 9" ಎಂದು ಬರೆಸಿ. ಅದು ಸತ್ಯ, ಲೆಕ್ಕಪರಿಶೋಧಕರಿಗೆ ಕೊಂಡಿ ಸಿಗುತ್ತದೆ, ದಾರಿಹೋಕರಿಗೆ ಏನೂ ತಿಳಿಯುವುದಿಲ್ಲ.

ಸೋರಿಕೆ ಎಲ್ಲಿಂದ ಎಂದು ಪತ್ತೆಹಚ್ಚುವಾಗ ಹೊರಗೆ ಓಡಾಡುವ ಮಾತನ್ನು ಕಿವಿಗೊಟ್ಟು ಕೇಳಿ. ಜನರ ಬಾಯಲ್ಲಿ "ಮೂವತ್ತೊಂದು ಸಾಲ" ಎಂಬ ನಿಖರ ಅಂಕಿ ಇದ್ದರೆ ಟಿಪ್ಪಣಿ ಓದಿದವರಿಂದ ಹೋಗಿದೆ. "ಬಳೆ" ಎಂಬ ಮಾತಿದ್ದು ಅಂಕಿ ಇಲ್ಲದಿದ್ದರೆ ಅದು ಶಾಖೆಯ ಕೌಂಟರಿನಿಂದ ಹೊರಟದ್ದು.

ಯಾರಿಂದ ಮುಚ್ಚಿಡುವಂತಿಲ್ಲ

ನಿರ್ಬಂಧಿತ ಪುಸ್ತಕವೂ ಸಂಘದ ದಾಖಲೆಯೇ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 63ನೇ ಪ್ರಕರಣದಡಿ ಬರುವ ಲೆಕ್ಕಪರಿಶೋಧಕರಿಗೆ, 64ನೇ ಪ್ರಕರಣದ ವಿಚಾರಣಾಧಿಕಾರಿಗೆ, ಲಿಖಿತ ಆದೇಶದೊಡನೆ ಬರುವ ನ್ಯಾಯಾಲಯ ಅಥವಾ ಪೊಲೀಸರಿಗೆ ಅದನ್ನು ತೋರಿಸಬೇಕು. ಲೆಕ್ಕಪರಿಶೋಧಕರು ಕೇಳುವವರೆಗೆ ಕಾಯದೆ, ಪುಸ್ತಕಗಳ ಪಟ್ಟಿಯಲ್ಲಿಯೇ ಅದನ್ನು ಸೇರಿಸಿ. ಅವರು ಮುಖ್ಯ ನಡವಳಿಯಲ್ಲಿ 14 ಮತ್ತು 15ನೇ ಪುಟಗಳ ಉಲ್ಲೇಖ ಕಂಡು ಕೇಳಿದಾಗ ನೀವು ತಡವರಿಸಿದರೆ ಸಂಶಯ ನಿಮ್ಮ ಕಡೆಗೇ ತಿರುಗುತ್ತದೆ. ಅಧ್ಯಕ್ಷರ ಅಥವಾ ಕಾರ್ಯದರ್ಶಿಯ ಸಮ್ಮುಖದಲ್ಲಿ ಓದಲು ಕೊಡಿ, ಪುಸ್ತಕವನ್ನು ಕೈಬಿಟ್ಟು ಕಳುಹಿಸಬೇಡಿ. ಮೂಲಪ್ರತಿಯನ್ನೇ ಒಯ್ಯಬೇಕಾದ ಆದೇಶವಿದ್ದರೆ ಸ್ವೀಕೃತಿ ಪಡೆಯಿರಿ, ಪುಟಗಳ ದೃಢೀಕೃತ ನಕಲನ್ನು ಉಳಿಸಿಕೊಳ್ಳಿ.

ಕ್ರಮ ಎದುರಿಸುವ ವ್ಯಕ್ತಿಯ ವಿಷಯ ಬೇರೆ. ಆ ಶಾಖೆಯ ವ್ಯವಸ್ಥಾಪಕರ ಮೇಲೆ ಇಲಾಖಾ ವಿಚಾರಣೆ ನಡೆಸುವುದಾದರೆ ಆರೋಪಪಟ್ಟಿ ಮತ್ತು ಅದಕ್ಕೆ ಆಧಾರವಾದ ದಾಖಲೆಗಳನ್ನು ಅವರಿಗೆ ಕೊಡಲೇಬೇಕು. ಮಂಡಳಿಯ ಚರ್ಚೆಯನ್ನು ಕೊಡಬೇಕಾಗಿಲ್ಲ. ಆದ್ದರಿಂದ ಪುರಾವೆ ಎಂದೂ ನಡವಳಿಯ ಮೇಲೆ ನಿಲ್ಲಬಾರದು. ಮರುಪರೀಕ್ಷೆಯ ವರದಿ, ಸಾಲದ ಅರ್ಜಿ, ಸರಾಫರ ಚೀಟಿ ಇವೇ ಪುರಾವೆಗಳು. "ಗೋಪ್ಯ ನಡವಳಿಯಲ್ಲಿ ಎಲ್ಲ ಇದೆ, ತೋರಿಸುವಂತಿಲ್ಲ" ಎಂಬ ಉತ್ತರದೊಂದಿಗೆ ಯಾವ ವಿಚಾರಣೆಯೂ ಮುಂದೆ ಹೋಗದು.

ತೆರೆಯುವ ದಿನ

ಮರುಪರಿಶೀಲನೆಯ ತಿಂಗಳನ್ನು ಮುಖ್ಯ ನಡವಳಿಯಲ್ಲಿ ಬರೆದಿದ್ದೇವೆ, ಹಾಗಾಗಿ ಅಕ್ಟೋಬರ್ ಕಾರ್ಯಸೂಚಿಯಲ್ಲಿ ಅದು ಬರಲೇಬೇಕು. ಆದರೆ ನಮ್ಮ ಪ್ರಕರಣ ಅಷ್ಟು ದಿನ ಕಾಯುವುದಿಲ್ಲ. ಮರುಪರೀಕ್ಷೆಯಲ್ಲಿ 31ರ ಪೈಕಿ 26 ಸಾಲಗಳ ಒಡವೆಗಳು ನಕಲಿ ಎಂದು ತಿಳಿದು ದೂರು ದಾಖಲಾಯಿತೆನ್ನಿ. ಪ್ರಥಮ ವರ್ತಮಾನ ವರದಿಗಳನ್ನು 24 ಗಂಟೆಗಳೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ, ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಅಂದಮೇಲೆ ಶಾಖೆಯ ಹೆಸರು ಇನ್ನು ಗೋಪ್ಯವಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ನಡವಳಿಯಲ್ಲಿ ಮುಚ್ಚಿಡುವುದರಿಂದ ಸದಸ್ಯರ ನಂಬಿಕೆ ಹೋಗುತ್ತದೆಯೇ ಹೊರತು ಬೇರೇನೂ ಉಳಿಯುವುದಿಲ್ಲ. ದೂರು ಕೊಟ್ಟ ವಾರದಲ್ಲಿಯೇ ವಿಶೇಷ ಸಭೆ ಕರೆದು ಏನು ನಡೆಯಿತು, ನಷ್ಟದ ಅಂದಾಜು ಎಷ್ಟು, ಠೇವಣಿಗಳ ಸ್ಥಿತಿ ಏನು ಎಂಬುದನ್ನು ತೆರೆದ ನಿರ್ಣಯವಾಗಿಯೇ ಬರೆಯಿರಿ. ಸೆಪ್ಟೆಂಬರ್ 25ರೊಳಗೆ ನಡೆಯಬೇಕಾದ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಇದನ್ನು ಕೇಳದೆ ಬಿಡುವುದಿಲ್ಲ, ಕೇಳುವುದು ಅವರ ಹಕ್ಕು.

ತೆರೆಯುವುದೆಂದರೆ ಹಳೆಯ ಪುಟಗಳನ್ನು ಹರಿದು ಮುಖ್ಯ ಪುಸ್ತಕಕ್ಕೆ ಅಂಟಿಸುವುದಲ್ಲ. ಅವು ಇದ್ದಲ್ಲಿಯೇ ಇರಲಿ. ನಿರ್ಬಂಧಿತ ಪುಸ್ತಕದ 14ನೇ ಪುಟದ ಅಂಚಿನಲ್ಲಿ ಕೆಂಪು ಶಾಯಿಯಿಂದ "9(ಅ), 9(ಆ) ಮತ್ತು 9(ಇ) ಬಹಿರಂಗ, ಇಂಥ ದಿನಾಂಕದ ಸಭೆಯ ನಿರ್ಣಯದಂತೆ" ಎಂದು ಷರಾ ಬರೆದು, ಆ ಮೂರು ನಿರ್ಣಯಗಳನ್ನು ಅಂದಿನ ಮುಖ್ಯ ನಡವಳಿಯಲ್ಲಿ ಯಥಾವತ್ತಾಗಿ ನಕಲು ಮಾಡಿ. 9(ಈ) ಮತ್ತು ವಕೀಲರ ಅಭಿಪ್ರಾಯ ಪ್ರಕರಣ ಇತ್ಯರ್ಥವಾಗುವವರೆಗೆ ಒಳಗಿರುತ್ತದೆ. ಒಡವೆ ಅಸಲಿಯೆಂದು ತಿಳಿದ ಐದು ಸಾಲಗಾರರ ಹೆಸರು ಎಂದೂ ಹೊರಬರಬಾರದು. ಸುಳಿವು ಕೊಟ್ಟ ಗುಮಾಸ್ತೆಯ ಲಕೋಟೆಯೂ ಹಾಗೆಯೇ.

ಮರುಪರೀಕ್ಷೆಯಲ್ಲಿ ಎಲ್ಲವೂ ಅಸಲಿಯೆಂದು ಬಂದಿದ್ದರೆ? ಆಗಲೂ ಪುಸ್ತಕವನ್ನು ಸುಮ್ಮನೆ ಮುಚ್ಚಿಡುವಂತಿಲ್ಲ. "ಸಂಶಯಕ್ಕೆ ಆಧಾರ ಸಿಕ್ಕಿಲ್ಲ, 9(ಆ) ರದ್ದು, ಸದರಿ ಸರಾಫರ ಸೇವೆಯನ್ನು ಮೊದಲಿನಂತೆ ಪಡೆಯುವುದು" ಎಂಬ ನಿರ್ಣಯವನ್ನು ಅದೇ ಪುಸ್ತಕದಲ್ಲಿ, ಅದೇ ಹೆಸರಿನ ಎದುರು ಬರೆದು ಸಹಿ ಮಾಡಬೇಕು. ಹತ್ತು ವರ್ಷಗಳ ಬಳಿಕ ಯಾರೋ ಆ ಪುಸ್ತಕವನ್ನು ತೆರೆದು 14ನೇ ಪುಟವನ್ನು ಓದಿದರೆ, 16ನೇ ಪುಟದಲ್ಲಿ ಆ ಮನುಷ್ಯನ ಹೆಸರು ತೊಳೆದು ಬಂದಿರುವುದು ಅವರ ಕಣ್ಣಿಗೆ ಬೀಳಬೇಕು. ಅದಕ್ಕಾಗಿ 14ನೇ ಪುಟದ ಅಂಚಿನಲ್ಲಿ "16ನೇ ಪುಟ ನೋಡಿ" ಎಂದು ಬರೆದೇ ಪುಸ್ತಕವನ್ನು ಬೀಗದೊಳಗೆ ಇಡಿ.